ಗೆರೆ ನೋಡಿ ಓದಿದರೆ 30 ಲಕ್ಷ ಕೆ.ಜಿ. ಹಾಲು ಕಡಿಮೆ: ವಾರ್ಷಿಕ ವರದಿಯ ಬಾರ್ ಚಾರ್ಟಿನಿಂದ ಅಂಕಿ ತೆಗೆದ ಒಂದು ಪ್ರಕರಣ

ಕೃಷಿ ಅರ್ಥಶಾಸ್ತ್ರ ಓದುತ್ತಿರುವ ಒಬ್ಬ ವಿದ್ಯಾರ್ಥಿನಿಗೆ ಒಂದು ಜಿಲ್ಲಾ ಹಾಲು ಒಕ್ಕೂಟದ ತಿಂಗಳುವಾರು ಶೇಖರಣೆ ಅಂಕಿಗಳು ಬೇಕಾಗಿದ್ದವು. ಬೇಸಿಗೆಯಲ್ಲಿ ಹಾಲು ಎಷ್ಟು ಇಳಿಯುತ್ತದೆ ಅನ್ನೋದು ಅವರ ಪ್ರಬಂಧದ ಪ್ರಶ್ನೆ. ವರ್ಷ 2016-17. ಒಕ್ಕೂಟದ ವಾರ್ಷಿಕ ವರದಿ ಪಿಡಿಎಫ್ ರೂಪದಲ್ಲಿ ಸಿಕ್ಕಿತು, ಆದರೆ ಅದರಲ್ಲಿ ತಿಂಗಳುವಾರು ಕೋಷ್ಟಕ ಇಲ್ಲ. ಇರುವುದು ಒಂದೇ ಒಂದು ಬಾರ್ ಚಾರ್ಟ್: ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಹನ್ನೆರಡು ಕಂಬ, ಎಡಕ್ಕೆ 150ರಿಂದ 300ರವರೆಗೆ ಅಳತೆ, ಮೇಲೆ "ದಿನದ ಸರಾಸರಿ ಹಾಲು ಶೇಖರಣೆ, ಸಾವಿರ ಕೆ.ಜಿ." ಅಂತ ತಲೆಬರಹ. ಕಂಬಗಳ ಮೇಲೆ ಅಂಕಿ ಬರೆದಿಲ್ಲ. ಒಕ್ಕೂಟಕ್ಕೆ ಪತ್ರ ಬರೆದರು, ಉತ್ತರ ಬರಲಿಲ್ಲ.

ಹಾಗಾಗಿ ಅವರು ಚಾರ್ಟನ್ನು ದೊಡ್ಡದು ಮಾಡಿ, ಹಿಂದೆ ಕಾಣುವ ಅಡ್ಡಗೆರೆಗಳಿಗೆ ಹೋಲಿಸಿ, ಒಂದೊಂದೇ ಕಂಬವನ್ನು ತಾಳ್ಮೆಯಿಂದ ಓದಿದರು. ಓದಿದ್ದನ್ನು ಆಯಾ ತಿಂಗಳ ದಿನಗಳಿಂದ ಗುಣಿಸಿ ಕೂಡಿದರೆ ವರ್ಷಕ್ಕೆ ಸುಮಾರು 817 ಲಕ್ಷ ಕೆ.ಜಿ. ಬಂತು. ವರದಿಯ ಮೊದಲ ಪುಟದಲ್ಲೇ ಅಧ್ಯಕ್ಷರ ಮಾತಿನಲ್ಲಿ ವರ್ಷದ ಶೇಖರಣೆ 847 ಲಕ್ಷ ಕೆ.ಜಿ. ಅಂತ ಇದೆ. "ಸರ್, ಎಷ್ಟು ಸಲ ನೋಡಿದ್ರೂ ಒಟ್ಟು ತಾಳೆ ಆಗ್ತಿಲ್ಲ. ವರದಿನೇ ತಪ್ಪಿರಬಹುದಾ?" ಅಂತ ನನ್ನನ್ನು ಕೇಳಿದರು.

ವರದಿ ತಪ್ಪಿರಲಿಲ್ಲ. ಅವರ ಕಣ್ಣೂ ತಪ್ಪಿರಲಿಲ್ಲ. ಚಾರ್ಟನ್ನು ಬಿಡಿಸಿದ ರೀತಿಯಲ್ಲೇ ಆ 30 ಲಕ್ಷ ಕೆ.ಜಿ. ಅಡಗಿ ಕೂತಿತ್ತು. ಅದನ್ನು ಹೇಗೆ ಹಿಡಿದೆವು ಅಂತ ಪೂರ್ತಿ ಬರೆಯುತ್ತೇನೆ. ಒಕ್ಕೂಟದ ಹೆಸರು ಹೇಳುವುದಿಲ್ಲ, ಗುರುತು ಸಿಗದ ಹಾಗೆ ಅಂಕಿಗಳನ್ನೂ ಬದಲಾಯಿಸಿದ್ದೇನೆ. ಆದರೆ ಬದಲಾದ ಅಂಕಿಗಳು ಒಂದಕ್ಕೊಂದು ಹೊಂದುತ್ತವೆ, ನೀವೇ ಲೆಕ್ಕ ಹಾಕಿ ನೋಡಬಹುದು.

ಚಿತ್ರ ಮುಟ್ಟುವ ಮೊದಲು

ಚಿತ್ರದಿಂದ ಅಂಕಿ ತೆಗೆಯುವುದು ಕೊನೆಯ ದಾರಿ. ಅದಕ್ಕೆ ಮುಂಚೆ ನೋಡಬೇಕಾದ ಒಂದೆರಡು ಜಾಗ ಇವೆ. ವರದಿ ವರ್ಡ್ ಅಥವಾ ಪವರ್‌ಪಾಯಿಂಟ್ ಕಡತವಾಗಿ ಸಿಕ್ಕಿದರೆ ಅದನ್ನು ಜಿಪ್ ಕಡತದಂತೆ ಬಿಚ್ಚಿ ನೋಡಿ. ಚಾರ್ಟನ್ನು ಚಿತ್ರವಾಗಿ ಅಂಟಿಸದೆ ಚಾರ್ಟ್ ಆಗಿಯೇ ಇಟ್ಟಿದ್ದರೆ `word/charts/chart1.xml` ಥರದ ಕಡತದಲ್ಲಿ ಅಸಲಿ ಅಂಕಿಗಳೇ ಕೂತಿರುತ್ತವೆ. ಪಿಡಿಎಫ್ ಆಗಿದ್ದರೆ, ಎಕ್ಸೆಲ್‌ನಿಂದ ನೇರವಾಗಿ ಬಂದ ಚಾರ್ಟು ಬಹಳ ಸಲ ಗೆರೆ ಮತ್ತು ಆಯತಗಳ ರೂಪದಲ್ಲೇ ಉಳಿದಿರುತ್ತದೆ. ಎಷ್ಟು ದೊಡ್ಡದು ಮಾಡಿದರೂ ಅಂಚು ಮಸುಕಾಗದಿದ್ದರೆ ಅದೇ ಗುರುತು. ಆಗ `pdftocairo -svg` ಆಜ್ಞೆ ಕೊಟ್ಟರೆ ಪ್ರತಿ ಕಂಬದ ಮೂಲೆಗಳ ಸ್ಥಾನ ದಶಮಾಂಶದ ಸಮೇತ ಸಿಗುತ್ತದೆ, ಪಿಕ್ಸೆಲ್ ಎಣಿಸುವ ಕೆಲಸವೇ ಇರುವುದಿಲ್ಲ.

ನಮ್ಮ ವರದಿಯಲ್ಲಿ ಈ ಅದೃಷ್ಟ ಇರಲಿಲ್ಲ. ಅಚ್ಚಾದ ಪುಸ್ತಕವನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡಿದ್ದರು. ಹೇಗೆ ಗೊತ್ತಾಯಿತು ಅಂದರೆ:

```
pdfimages -list varadi.pdf
pdfimages -f 23 -l 23 -png varadi.pdf puta
```

ಮೊದಲ ಸಾಲು ಪಿಡಿಎಫ್ ಒಳಗಿರುವ ಚಿತ್ರಗಳ ಪಟ್ಟಿ ಕೊಡುತ್ತದೆ. ಪುಟಕ್ಕೊಂದೇ ಚಿತ್ರ, 1654 × 2339 ಪಿಕ್ಸೆಲ್, `enc` ಕಾಲಂನಲ್ಲಿ `jpeg`, `x-ppi` ಕಾಲಂನಲ್ಲಿ 200. ಅಂದರೆ ಎ4 ಪುಟವನ್ನು ಇಂಚಿಗೆ 200 ಚುಕ್ಕಿಯಂತೆ ಸ್ಕ್ಯಾನ್ ಮಾಡಿ ಜೆಪೆಗ್ ಆಗಿ ಉಳಿಸಿದ್ದಾರೆ. ಎರಡನೇ ಸಾಲು 23ನೇ ಪುಟದ ಚಿತ್ರವನ್ನು ಇದ್ದ ಹಾಗೇ ಹೊರಗೆ ತೆಗೆಯುತ್ತದೆ.

ಇಲ್ಲಿ ಒಂದು ಮಾತು. ತುಂಬಾ ಜನ ಈ ಹಂತದಲ್ಲಿ ಪರದೆಯ ಮೇಲೆ ಪುಟ ತೆರೆದು ಸ್ಕ್ರೀನ್‌ಶಾಟ್ ತೆಗೆದುಕೊಳ್ಳುತ್ತಾರೆ. ಆಗ ಆ ಹೊತ್ತಿನ ಝೂಮ್‌ಗೆ ತಕ್ಕಂತೆ ಚಿತ್ರ ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ, ಅಂಚುಗಳು ಇನ್ನಷ್ಟು ಮಸುಕಾಗುತ್ತವೆ, ಮತ್ತು ಬೇರೆಯವರು ನಿಮ್ಮ ಅಳತೆಯನ್ನು ಮತ್ತೆ ಮಾಡಿ ನೋಡಲು ಆಗುವುದಿಲ್ಲ. ಒಳಗಿನ ಚಿತ್ರವನ್ನೇ ತೆಗೆದರೆ ಯಾರು ತೆಗೆದರೂ ಅದೇ ಪಿಕ್ಸೆಲ್ ಸಿಗುತ್ತದೆ. ಪುಟವನ್ನು 600 ಚುಕ್ಕಿಗೆ ಏರಿಸಿಕೊಂಡರೆ ನಿಖರತೆ ಜಾಸ್ತಿ ಆಗುತ್ತದೆ ಅನ್ನುವ ನಂಬಿಕೆಯೂ ಇದೆ. ಆಗುವುದಿಲ್ಲ. ಸ್ಕ್ಯಾನ್ ಮಾಡುವಾಗ ಬಾರದ ವಿವರ ಆಮೇಲೆ ಎಲ್ಲಿಂದ ಬರಬೇಕು?

ವಾಲಿದ ಪುಟ

ಚಾರ್ಟಿನ ಭಾಗವನ್ನು ಮಾತ್ರ ಕತ್ತರಿಸಿಕೊಂಡೆವು. ಚಿತ್ರ ತಿದ್ದುವ ತಂತ್ರಾಂಶ ಜಿಂಪ್‌ನಲ್ಲಿ ತೆರೆದರೆ ಮೌಸ್ ಇರುವ ಜಾಗದ ಸ್ಥಾನ ಕೆಳಗೆ ಕಾಣುತ್ತದೆ. ಹೊಸಬರಿಗೆ ಇಷ್ಟು ನೆನಪಿರಲಿ: ಚಿತ್ರದಲ್ಲಿ y ಮೇಲಿನಿಂದ ಕೆಳಕ್ಕೆ ಬೆಳೆಯುತ್ತದೆ, ಎತ್ತರದ ಕಂಬದ ತುದಿಗೆ y ಕಡಿಮೆ.

ಮೊದಲು ನೋಡಿದ್ದು 225ರ ಅಡ್ಡಗೆರೆಯನ್ನು. ಎಡ ತುದಿಯಲ್ಲಿ y 370, ಬಲ ತುದಿಯಲ್ಲಿ 375. ನಡುವಿನ ಅಗಲ 980 ಪಿಕ್ಸೆಲ್. ಒಂದೇ ಗೆರೆಯ ಎರಡು ತುದಿಗೆ ಐದು ಪಿಕ್ಸೆಲ್ ವ್ಯತ್ಯಾಸ ಬಂತು ಅಂದರೆ ಸ್ಕ್ಯಾನ್ ಮಾಡುವಾಗ ಕಾಗದ ಸ್ವಲ್ಪ ತಿರುಗಿತ್ತು, ಲೆಕ್ಕ ಹಾಕಿದರೆ ಸುಮಾರು 0.29 ಡಿಗ್ರಿ. ಇಷ್ಟು ಓರೆ ಕಣ್ಣಿಗೆ ಕಾಣುವುದೇ ಇಲ್ಲ.

ಆದರೆ ಅಂಕಿಗೆ ಕಾಣುತ್ತದೆ. ಈ ಚಾರ್ಟಿನಲ್ಲಿ ಒಂದು ಪಿಕ್ಸೆಲ್ ಅಂದರೆ ದಿನಕ್ಕೆ ಸುಮಾರು 300 ಕೆ.ಜಿ. (ಇದು ಹೇಗೆ ಬಂತು ಅಂತ ಮುಂದೆ ಹೇಳುತ್ತೇನೆ). ಎಡಗಡೆಯ ಏಪ್ರಿಲ್ ಕಂಬ ಮತ್ತು ಬಲಗಡೆಯ ಮಾರ್ಚ್ ಕಂಬದ ನಡುವೆ ಬರೀ ಓರೆಯಿಂದಲೇ ಸುಮಾರು 1.4 ಸಾವಿರ ಕೆ.ಜಿ. ಸುಳ್ಳು ವ್ಯತ್ಯಾಸ ಹುಟ್ಟುತ್ತದೆ. ಈ ಎರಡು ತಿಂಗಳ ಶೇಖರಣೆ ಹೆಚ್ಚುಕಡಿಮೆ ಒಂದೇ ಇದ್ದುದರಿಂದ, ಓರೆ ಸರಿ ಮಾಡದೆ ಓದಿದರೆ ಯಾವುದು ಜಾಸ್ತಿ ಯಾವುದು ಕಡಿಮೆ ಅನ್ನೋದೇ ತಿರುವುಮುರುವಾಗುತ್ತಿತ್ತು. ಚಿತ್ರವನ್ನು 0.29 ಡಿಗ್ರಿ ಹಿಂದಕ್ಕೆ ತಿರುಗಿಸಿದ ಮೇಲೆ ಗೆರೆಯ ಎರಡೂ ತುದಿ 372ಕ್ಕೆ ಬಂದು ನಿಂತವು. ಇಲ್ಲಿಂದ ಮುಂದೆ ಕೊಡುವ ಸ್ಥಾನಗಳೆಲ್ಲ ಹೀಗೆ ತಿರುಗಿಸಿದ ಚಿತ್ರದ್ದು.

ಗೆರೆಗಳನ್ನು ಅಳತೆಪಟ್ಟಿ ಮಾಡಿಕೊಳ್ಳುವುದು

ಹಿಂದಿನ ಗೋಡೆಯ ಮೇಲೆ 150ರ ಗೆರೆ y = 612ರಲ್ಲಿದೆ, 300ರ ಗೆರೆ 132ರಲ್ಲಿ. ಗೆರೆಗೂ ದಪ್ಪ ಇರುತ್ತದೆ, ಅದರ ನಡುಭಾಗವನ್ನೇ ಹಿಡಿಯಬೇಕು. ನಡುವಿನ ಅಂತರ 480 ಪಿಕ್ಸೆಲ್, ಅದು 150 ಸಾವಿರ ಕೆ.ಜಿ.ಗೆ ಸಮ. ಹಾಗಾಗಿ ಒಂದು ಪಿಕ್ಸೆಲ್‌ಗೆ 150 ÷ 480 = 0.3125 ಸಾವಿರ ಕೆ.ಜಿ.

ಎರಡು ತುದಿಯನ್ನು ಮಾತ್ರ ಹಿಡಿದು ಮುಂದೆ ಹೋಗುವುದು ಸಾಲದು. ನಡುವೆ ಇನ್ನೂ ಐದು ಗೆರೆ ಇವೆ, 175ರಿಂದ 275ರವರೆಗೆ. ಎರಡು ತುದಿಯಿಂದ ಲೆಕ್ಕ ಹಾಕಿದರೆ ಅವು 532, 452, 372, 292, 212ರಲ್ಲಿ ಇರಬೇಕು. ಅಳೆದಾಗ ಸಿಕ್ಕಿದ್ದು 532, 451, 372, 292, 213. ಎಲ್ಲವೂ ಒಂದು ಪಿಕ್ಸೆಲ್ ಒಳಗೆ. ಇದರಿಂದ ಎರಡು ವಿಷಯ ಗೊತ್ತಾಯಿತು. ಅಳತೆ ಸಮ ಅಂತರದ್ದೇ, ಲಾಗ್ ಅಳತೆಯಲ್ಲ, ಸ್ಕ್ಯಾನರ್ ಎಲ್ಲೂ ಪುಟವನ್ನು ಎಳೆದು ಹಿಗ್ಗಿಸಿಲ್ಲ. ಮತ್ತು ನಮ್ಮ ಕೈಯಲ್ಲಿ ಒಂದು ಗೆರೆಯನ್ನು ಗುರುತಿಸುವಾಗ ಆಗುವ ಏರುಪೇರು ಸುಮಾರು ಒಂದು ಪಿಕ್ಸೆಲ್. ಈ ಎರಡನೇ ಅಂಕಿಯನ್ನು ಜೋಪಾನವಾಗಿ ಬರೆದಿಟ್ಟುಕೊಳ್ಳಿ, ಕೊನೆಯಲ್ಲಿ ತಪ್ಪಿನ ಅಂದಾಜು ಹೇಳುವಾಗ ಇದೇ ಆಧಾರ. ನಡುವಿನ ಗೆರೆಗಳು ನಾಲ್ಕೈದು ಪಿಕ್ಸೆಲ್ ಆಚೀಚೆ ಬಂದಿದ್ದರೆ, ಅದರಲ್ಲೂ ಒಂದೇ ಕಡೆಗೆ ಬಾಗಿದ ಹಾಗೆ ಬಂದಿದ್ದರೆ, ಪುಸ್ತಕದ ಬೆನ್ನಿನ ಹತ್ತಿರ ಕಾಗದ ಉಬ್ಬಿತ್ತು ಅಂತ ಅರ್ಥ. ಆಗ ಇಡೀ ಚಾರ್ಟಿಗೆ ಒಂದೇ ಸೂತ್ರ ಹಾಕಬಾರದು, ಪ್ರತಿ ಕಂಬವನ್ನೂ ಅದರ ಮೇಲಿನ ಮತ್ತು ಕೆಳಗಿನ ಗೆರೆಗಳ ನಡುವೆ ಮಾತ್ರ ಅಳೆಯಬೇಕು.

ಇನ್ನೊಂದು ಸಂಗತಿ ಇಲ್ಲೇ ಕಣ್ಣಿಗೆ ಬೀಳಬೇಕು. ಅಳತೆ ಸೊನ್ನೆಯಿಂದ ಶುರುವಾಗಿಲ್ಲ, 150ರಿಂದ ಶುರುವಾಗಿದೆ. ಕಾಗದದ ಮೇಲೆ ಆಗಸ್ಟ್ ಕಂಬ ಏಪ್ರಿಲ್ ಕಂಬದ ಎರಡರಷ್ಟು ಎತ್ತರ ಕಾಣುತ್ತದೆ. ನಿಜವಾದ ವ್ಯತ್ಯಾಸ ಕಾಲು ಭಾಗ ಅಷ್ಟೇ. ಕಂಬಗಳ ಎತ್ತರದ ಅನುಪಾತ ತೆಗೆದು "ದುಪ್ಪಟ್ಟಾಯಿತು" ಅಂತ ಬರೆಯುವವರು ಇಲ್ಲೇ ಎಡವುತ್ತಾರೆ.

ಮೂರು ಆಯಾಮದ ಕಂಬಗಳು

ಈಗ ಆ 30 ಲಕ್ಷ ಕೆ.ಜಿ. ವಿಷಯಕ್ಕೆ ಬರೋಣ.

ಈ ಚಾರ್ಟು ಎಕ್ಸೆಲ್‌ನ 3-ಡಿ ಕಾಲಂ ಚಾರ್ಟ್. ಕಂಬಗಳಿಗೆ ಮುಂಭಾಗ, ಪಕ್ಕ, ಮೇಲ್ಭಾಗ ಎಲ್ಲ ಇವೆ. ಕೆಳಗೆ ನೆಲ ಇದೆ, ಹಿಂದೆ ಗೋಡೆ ಇದೆ. ಉದ್ದ ಅಡ್ಡಗೆರೆಗಳು ಇರುವುದು ಹಿಂದಿನ ಗೋಡೆಯ ಮೇಲೆ, ಕಂಬಗಳು ನಿಂತಿರುವುದು ನೆಲದ ನಡುವೆ, ಗೋಡೆಯಿಂದ ಸ್ವಲ್ಪ ಮುಂದೆ. ನೋಟ ಮೇಲಿನಿಂದ. ಮಗುವನ್ನು ಗೋಡೆಯಿಂದ ಒಂದಡಿ ಮುಂದೆ ನಿಲ್ಲಿಸಿ, ನಾವು ಮೇಲಿನಿಂದ ನೋಡುತ್ತಾ ತಲೆಯ ತುದಿ ಗೋಡೆಯ ಯಾವ ಗುರುತಿಗೆ ಬಂತು ಅಂತ ಓದಿದರೆ ಎತ್ತರ ಕಡಿಮೆ ಬರುತ್ತದೆ ಅಲ್ವಾ, ಇಲ್ಲಿ ಆಗಿರುವುದೂ ಅದೇ. ಕಂಬದ ತುದಿಯನ್ನು ಗೋಡೆಯ ಗೆರೆಗೆ ಹೋಲಿಸಿದರೆ ಪ್ರತಿಯೊಂದು ಕಂಬವೂ ಒಂದೇ ಅಳತೆಯಷ್ಟು ಗಿಡ್ಡ ಕಾಣುತ್ತದೆ.

ಎಷ್ಟು ಗಿಡ್ಡ ಅನ್ನೋದನ್ನು ಊಹಿಸಬೇಕಿಲ್ಲ, ಅಳೆಯಬಹುದು. ಗೋಡೆಯ ಮೇಲೆ 150ರ ಗೆರೆ 612ರಲ್ಲಿತ್ತು. ಕಂಬಗಳ ಮುಂಭಾಗ ನೆಲ ಮುಟ್ಟುವ ಜಾಗ 637ರಲ್ಲಿದೆ, ಹನ್ನೆರಡಕ್ಕೂ ಅಷ್ಟೇ. ಆ ಬುಡವೂ 150ರ ಮಟ್ಟವೇ, ಯಾಕಂದರೆ ಇಡೀ ನೆಲವೇ 150ರ ಮಟ್ಟ. ವ್ಯತ್ಯಾಸ 25 ಪಿಕ್ಸೆಲ್. 25 × 0.3125 = 7.8 ಸಾವಿರ ಕೆ.ಜಿ. ದಿನಕ್ಕೆ. 365 ದಿನಕ್ಕೆ ಗುಣಿಸಿದರೆ 28.5 ಲಕ್ಷ ಕೆ.ಜಿ. ವಿದ್ಯಾರ್ಥಿನಿಗೆ ತಾಳೆಯಾಗದೆ ಉಳಿದಿದ್ದು 30 ಲಕ್ಷ. ಹೆಚ್ಚುಕಡಿಮೆ ಪೂರ್ತಿ ಇಲ್ಲೇ ಸಿಕ್ಕಿತು.

ಹಾಗಾದರೆ ಸರಿಯಾದ ಓದು ಯಾವುದು? ಗೋಡೆಯ ಗೆರೆಗಳಿಂದ ಅಳತೆಯ ಪ್ರಮಾಣವನ್ನು ಮಾತ್ರ ತೆಗೆದುಕೊಳ್ಳಬೇಕು, ಅಂದರೆ ಪಿಕ್ಸೆಲ್‌ಗೆ 0.3125. ಎತ್ತರವನ್ನು ಕಂಬದ ಬುಡದಿಂದ ಅದೇ ಕಂಬದ ತುದಿಗೆ ಅಳೆಯಬೇಕು, ಎರಡೂ ಮುಂಭಾಗದ ಮೇಲೆ. ಆಗ ಸೂತ್ರ ಹೀಗಾಗುತ್ತದೆ:

```
value = 150 + (637 - y) * 150 / 480
```

ಇದು ನಡೆಯಬೇಕಾದರೆ ಒಂದು ಷರತ್ತಿದೆ. ಗೋಡೆಯ ಮೇಲಿನ ಒಂದು ಪಿಕ್ಸೆಲ್ ಮತ್ತು ಮುಂದಿನ ಕಂಬದ ಮೇಲಿನ ಒಂದು ಪಿಕ್ಸೆಲ್ ಒಂದೇ ಬೆಲೆಯವಾಗಿರಬೇಕು. ಎಕ್ಸೆಲ್‌ನಲ್ಲಿ 3-ಡಿ ಚಾರ್ಟನ್ನು ಎರಡು ಥರ ಬಿಡಿಸಬಹುದು. ಒಂದರಲ್ಲಿ ಎಲ್ಲ ಗೆರೆಗಳೂ ಸಮಾನಾಂತರ, ಹಿಂದಿನದು ಮುಂದಿನದು ಒಂದೇ ಗಾತ್ರ. ಇನ್ನೊಂದರಲ್ಲಿ ಫೋಟೋದಂತೆ ದೂರದ್ದು ಚಿಕ್ಕದು, ಹತ್ತಿರದ್ದು ದೊಡ್ಡದು. ನಮ್ಮದು ಯಾವುದು ಅಂತ ತಿಳಿಯಲು ಪಕ್ಕದ ಗೋಡೆ ನೋಡಿ. ಅಳತೆಯ ಅಂಕಿಗಳನ್ನು ಬರೆದಿರುವುದು ಆ ಗೋಡೆಯ ಮುಂದಿನ ಅಂಚಿನಲ್ಲಿ. ಅಲ್ಲಿಂದ ಗೆರೆ ಓರೆಯಾಗಿ ಹಿಂದಕ್ಕೆ ಹೋಗಿ, ಹಿಂದಿನ ಗೋಡೆಯ ಮೇಲೆ ಅಡ್ಡಕ್ಕೆ ತಿರುಗುತ್ತದೆ. ಮುಂದಿನ ಅಂಚಿನಲ್ಲಿ 150 ಇರುವುದು 648ರಲ್ಲಿ, 300 ಇರುವುದು 168ರಲ್ಲಿ. ಅಂತರ 480, ಹಿಂದಿನ ಗೋಡೆಯಲ್ಲಿದ್ದಷ್ಟೇ. ಹಾಗಾಗಿ ಸಮಾನಾಂತರ ನೋಟ, ಸೂತ್ರ ನಡೆಯುತ್ತದೆ. ಮುಂದೆ 500, ಹಿಂದೆ 480 ಅಂತೇನಾದರೂ ಬಂದಿದ್ದರೆ ಕಂಬಗಳು ನಿಂತ ಆಳಕ್ಕೆ ತಕ್ಕ ಪ್ರಮಾಣವನ್ನು ಎರಡರ ನಡುವೆ ಲೆಕ್ಕ ಹಾಕಬೇಕಿತ್ತು, ತಪ್ಪಿನ ಅಂದಾಜನ್ನೂ ಹಿಗ್ಗಿಸಬೇಕಿತ್ತು.

ಇನ್ನೊಂದು ಅನಾಹುತವೂ ಇದೆ. ಹಿಂದಿನ ಗೋಡೆ ಬೇಡ ಅಂತ, ಅಂಕಿ ಬರೆದಿರುವ ಮುಂದಿನ ಅಂಚಿನಿಂದ ಅಡ್ಡಕ್ಕೆ ಸ್ಕೇಲ್ ಇಟ್ಟು ಕಂಬ ಓದುವವರಿದ್ದಾರೆ. ಕಂಬಗಳು ಮುಂದಿನ ಅಂಚಿನಲ್ಲೂ ನಿಂತಿಲ್ಲವಲ್ಲ. ಅಲ್ಲಿ 150 ಇರುವುದು 648ರಲ್ಲಿ, ಕಂಬದ ಬುಡ 637ರಲ್ಲಿ. ಹಾಗೆ ಓದಿದರೆ 11 ಪಿಕ್ಸೆಲ್, ಅಂದರೆ ಸುಮಾರು 3.4 ಸಾವಿರ ಕೆ.ಜಿ. ಜಾಸ್ತಿ ಬರುತ್ತದೆ.

ಪಿಕ್ಸೆಲ್ ಎಣಿಸುವ ಬದಲು, ಚಾರ್ಟಿನ ಚಿತ್ರದಿಂದ ಅಂಕಿ ತೆಗೆಯುವ ವೆಬ್‌ಪ್ಲಾಟ್‌ಡಿಜಿಟೈಜರ್ ಬಳಸುವವರಿಗೂ ಇದೇ ಮಾತು. ಆ ಉಪಕರಣ ಬಾರ್ ಚಾರ್ಟಿಗೆ ಎರಡು ಬಿಂದು ಕೇಳುತ್ತದೆ, ಆ ಬಿಂದುಗಳ ಬೆಲೆ ಕೇಳುತ್ತದೆ. ಚಾರ್ಟಿಗೆ ಆಳ ಇದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಗೋಡೆಯ ಗೆರೆಗಳನ್ನು ತೋರಿಸಿದರೆ ಅದು ನೀಟಾಗಿ, ದಶಮಾಂಶದ ಸಮೇತ, ತಪ್ಪು ಉತ್ತರವನ್ನೇ ಕೊಡುತ್ತದೆ. ಬುಡದ 637ಕ್ಕೆ 150 ಅಂತಲೂ, ಅಲ್ಲಿಂದ 480 ಪಿಕ್ಸೆಲ್ ಮೇಲೆ, 157ಕ್ಕೆ 300 ಅಂತಲೂ ತೋರಿಸಿದರೆ ಸರಿಯಾಗಿ ಓದುತ್ತದೆ.

ಒಂದು ಕಂಬದ ತುದಿ ಹತ್ತಿರದಿಂದ

ತುದಿ ಎಲ್ಲಿದೆ ಅನ್ನೋದನ್ನು ಕಣ್ಣಿಗೆ ಬಿಡದೆ, ಕಂಬದ ನಡುವಿನ ಹತ್ತು ಪಿಕ್ಸೆಲ್ ಅಗಲದ ಪಟ್ಟಿಯ ಸರಾಸರಿ ಬೆಳಕನ್ನು ಸಾಲುಸಾಲಾಗಿ ನೋಡಿದೆವು. ಏಪ್ರಿಲ್ ಕಂಬಕ್ಕೆ ಹೀಗೆ:

```python
from PIL import Image
import numpy as np

im = Image.open("chart.png").convert("L")
im = im.rotate(0.29, resample=Image.BICUBIC, fillcolor=255)
a = np.asarray(im, dtype=float)
strip = a[:, 296:306].mean(axis=1)
for y in range(457, 465):
    print(y, round(strip[y]))
```

ಬಂದ ಉತ್ತರ:

```
457 168
458 168
459 166
460 157
461 134
462 112
463 104
464 102
```

168 ಅನ್ನೋದು ಕಂಬದ ಮೇಲ್ಭಾಗದ ತಿಳಿ ಬಣ್ಣ, 102 ಮುಂಭಾಗದ ಗಾಢ ಬಣ್ಣ. ಅಂಚು ಒಂದೇ ಸಾಲಿನಲ್ಲಿ ಕತ್ತರಿಸಿದ ಹಾಗೆ ಬದಲಾಗಿಲ್ಲ, ನಾಲ್ಕೈದು ಸಾಲಿನಲ್ಲಿ ಇಳಿದಿದೆ. ಸ್ಕ್ಯಾನರ್ ಮತ್ತು ಜೆಪೆಗ್ ಸೇರಿ ಮಾಡಿದ ಮಸುಕು ಅದು. ಇಂಥ ಕಡೆ ಎರಡು ಬೆಲೆಗಳ ಸರಿ ನಡುವೆ ಎಲ್ಲಿ ದಾಟುತ್ತದೆ ಅಂತ ನೋಡುವುದು ರೂಢಿ. 168 ಮತ್ತು 102ರ ನಡು 135. ಅದು ದಾಟುವುದು 461ರಲ್ಲಿ. ಆದ್ದರಿಂದ ಏಪ್ರಿಲ್: 150 + (637 − 461) × 0.3125 = 205.0.

ಇದೇ ಪಟ್ಟಿಯಲ್ಲಿ ಇನ್ನೂ ಮೇಲೆ ಹೋದರೆ, ಸುಮಾರು 14 ಪಿಕ್ಸೆಲ್ ಆಚೆ, ಮತ್ತೊಂದು ಅಂಚು ಸಿಗುತ್ತದೆ. ಅದು ಕಂಬದ ಮೇಲ್ಭಾಗದ ಹಿಂದಿನ ಅಂಚು, ಅಲ್ಲಿಂದಾಚೆ ಗೋಡೆ. ಬಣ್ಣ ನೋಡಿ ತಾನಾಗಿಯೇ ಕಂಬ ಹುಡುಕುವ ಉಪಕರಣಗಳು ಬಹಳ ಸಲ ಈ ಎರಡನೇ ಅಂಚನ್ನು ತುದಿ ಅಂದುಕೊಳ್ಳುತ್ತವೆ. ಬುಡವನ್ನು ಮುಂಭಾಗದಲ್ಲಿ ಹಿಡಿದು ತುದಿಯನ್ನು ಹಿಂದಿನ ಅಂಚಿನಲ್ಲಿ ಹಿಡಿದರೆ ಎಲ್ಲ ತಿಂಗಳೂ ನಾಲ್ಕು ಸಾವಿರಕ್ಕಿಂತ ಜಾಸ್ತಿ ಉಬ್ಬುತ್ತವೆ.

ಹನ್ನೆರಡು ತಿಂಗಳು

ಉಳಿದ ಕಂಬಗಳಿಗೂ ಹೀಗೇ ಮಾಡಿ ಸ್ಪ್ರೆಡ್‌ಶೀಟಿಗೆ ಹಾಕಿದೆವು. ಪಿಕ್ಸೆಲ್ ಎತ್ತರವನ್ನೂ ಉಳಿಸಿಕೊಂಡೆವು, ಯಾಕಂದರೆ ನಿಜವಾಗಿ ಅಳೆದದ್ದು ಅದನ್ನು. ಕೆ.ಜಿ. ಅಂಕಿ ಅದರಿಂದ ಲೆಕ್ಕ ಹಾಕಿದ್ದು.

| ತಿಂಗಳು | ಎತ್ತರ (ಪಿಕ್ಸೆಲ್) | ಸಾವಿರ ಕೆ.ಜಿ./ದಿನ |
|---|---|---|
| ಏಪ್ರಿಲ್ | 176 | 205.0 |
| ಮೇ | 209 | 215.3 |
| ಜೂನ್ | 288 | 240.0 |
| ಜುಲೈ | 326 | 251.9 |
| ಆಗಸ್ಟ್ | 340 | 256.3 |
| ಸೆಪ್ಟೆಂಬರ್ | 333 | 254.1 |
| ಅಕ್ಟೋಬರ್ | 313 | 247.8 |
| ನವೆಂಬರ್ | 282 | 238.1 |
| ಡಿಸೆಂಬರ್ | 257 | 230.3 |
| ಜನವರಿ | 230 | 221.9 |
| ಫೆಬ್ರವರಿ | 199 | 212.2 |
| ಮಾರ್ಚ್ | 179 | 205.9 |

ಪ್ರತಿ ತಿಂಗಳನ್ನು ಅದರ ದಿನಗಳಿಂದ ಗುಣಿಸಿ (ಫೆಬ್ರವರಿ 2017ಕ್ಕೆ 28) ಕೂಡಿದರೆ 845.7 ಲಕ್ಷ ಕೆ.ಜಿ. ವರದಿ ಹೇಳುವುದು 847. ವ್ಯತ್ಯಾಸ 1.3 ಲಕ್ಷ, ಶೇಕಡಾ 0.15ರಷ್ಟು. ದಿನದ ಲೆಕ್ಕದಲ್ಲಿ ನಾವು 231.7 ಸಾವಿರ, ವರದಿ 232.1 ಸಾವಿರ. ಸರಿಸುಮಾರು ಒಂದು ಪಿಕ್ಸೆಲ್ ಅಂತರ. ಬುಡದ ಗೆರೆಯನ್ನು ನಾವು ಒಂದು ಪಿಕ್ಸೆಲ್ ಮೇಲೆ ಹಿಡಿದಿದ್ದರೂ ಇಷ್ಟು ಬಂದೀತು.

ವರದಿಯ ಇನ್ನೊಂದು ಪುಟದಲ್ಲಿ, ಆಗಸ್ಟ್‌ನಲ್ಲಿ ದಿನಕ್ಕೆ ಸರಾಸರಿ 2.57 ಲಕ್ಷ ಕೆ.ಜಿ. ಬಂದು ಅದೇ ವರ್ಷದ ಗರಿಷ್ಠವಾಯಿತು ಅಂತ ಒಂದು ಸಾಲಿತ್ತು. ನಮ್ಮ ಓದು 256.3 ಸಾವಿರ. ಇದೂ ಹತ್ತಿರವೇ. ಇಂಥ ಬಿಡಿ ಸಾಲುಗಳನ್ನು ಹುಡುಕಲು ಇಡೀ ವರದಿ ಓದಬೇಕು, ಬೇರೆ ದಾರಿಯಿಲ್ಲ. ಅಧ್ಯಕ್ಷರ ಮಾತು, ಪಶು ಆಹಾರದ ವಿಭಾಗ, ಸಾಗಣೆ ವೆಚ್ಚದ ಟಿಪ್ಪಣಿ, ಮುಂದಿನ ವರ್ಷದ ವರದಿಯ "ಹಿಂದಿನ ಸಾಲಿನಲ್ಲಿ" ಅನ್ನುವ ಕಾಲಂ, ಎಲ್ಲಿ ಬೇಕಾದರೂ ಒಂದು ಅಂಕಿ ಸಿಗಬಹುದು, ಮತ್ತು ಹಾಗೆ ಸಿಕ್ಕ ಒಂದೇ ಒಂದು ನಿಜ ಅಂಕಿ ಹತ್ತು ಸಲ ಪಿಕ್ಸೆಲ್ ಎಣಿಸುವುದಕ್ಕಿಂತ ಜಾಸ್ತಿ ಭರವಸೆ ಕೊಡುತ್ತದೆ.

ಆಮೇಲೆ ವಿದ್ಯಾರ್ಥಿನಿ ಕೇಳಿದ್ದು ಸಹಜವಾದ ಪ್ರಶ್ನೆ. "ಎಲ್ಲಾ ತಿಂಗಳಿಗೂ 0.36 ಸೇರಿಸಿಬಿಟ್ರೆ ಒಟ್ಟು ಸರಿಯಾಗಿ 847ಕ್ಕೆ ಬರುತ್ತಲ್ವಾ ಸರ್, ಸೇರಿಸ್ಲಾ?" ಬೇಡ ಅಂದೆ. ಸೇರಿಸಿದರೆ ಒಟ್ಟು ತಾಳೆಯಾಗುತ್ತದೆ ನಿಜ, ಆದರೆ ಆಮೇಲೆ ಅದೇ ಒಟ್ಟನ್ನು ತೋರಿಸಿ "ನೋಡಿ, ನನ್ನ ಓದು ಸರಿ ಇದೆ" ಅಂತ ಹೇಳುವ ಹಕ್ಕು ಹೋಗುತ್ತದೆ. ಹೊರಗಿನಿಂದ ಪರೀಕ್ಷೆ ಮಾಡಲು ನಮ್ಮ ಬಳಿ ಇರುವುದು ಎರಡೇ ಅಂಕಿ. ಅದರಲ್ಲೊಂದನ್ನು ಅಂಕಿ ತಿದ್ದಲು ಖರ್ಚು ಮಾಡುವುದು ನನಗೆ ಸರಿ ಕಾಣಲಿಲ್ಲ, ಅದೂ ಅಂತರ ತಪ್ಪಿನ ಅಂದಾಜಿನ ಒಳಗೇ ಇರುವಾಗ. ಮೇಲಾಗಿ 847 ಅನ್ನೋದು ಕೂಡ ಲಕ್ಷಕ್ಕೆ ದುಂಡು ಮಾಡಿದ ಅಂಕಿ, 846.5ರಿಂದ 847.5ರವರೆಗೆ ಏನು ಬೇಕಾದರೂ ಇರಬಹುದು.

ಒಟ್ಟು ತಾಳೆಯಾದ ಮಾತ್ರಕ್ಕೆ ಎಲ್ಲ ಸರಿ ಅಂತಲೂ ಅಲ್ಲ. ಎಲ್ಲ ಕಂಬಕ್ಕೂ ಒಂದೇ ಕಡೆ ಬಿದ್ದ ತಪ್ಪನ್ನು ಈ ಪರೀಕ್ಷೆ ಚೆನ್ನಾಗಿ ಹಿಡಿಯುತ್ತದೆ, ಇಲ್ಲಿ ಹಿಡಿದ ಹಾಗೆ. ಒಂದು ತಿಂಗಳು ಮೂರು ಪಿಕ್ಸೆಲ್ ಮೇಲೆ, ಇನ್ನೊಂದು ಮೂರು ಪಿಕ್ಸೆಲ್ ಕೆಳಗೆ ಓದಿದ್ದರೆ ಎರಡೂ ಪರಸ್ಪರ ಅಳಿಸಿಹೋಗಿ ಒಟ್ಟು ಸುಮ್ನೆ ತಾಳೆಯಾಗಿಬಿಡುತ್ತದೆ. ಅದಕ್ಕಾಗಿ ವಿದ್ಯಾರ್ಥಿನಿ ಮಾರನೇ ದಿನ, ಹಳೆಯ ಹಾಳೆ ನೋಡದೆ, ಹನ್ನೆರಡನ್ನೂ ಇನ್ನೊಮ್ಮೆ ಅಳೆದರು. ಯಾವ ತುದಿಯೂ ಒಂದು ಪಿಕ್ಸೆಲ್‌ಗಿಂತ ಜಾಸ್ತಿ ಆಚೀಚೆ ಬರಲಿಲ್ಲ.

ಎಷ್ಟರ ಮಟ್ಟಿಗೆ ನಂಬಬಹುದು

ತುದಿಗೆ ಒಂದು ಪಿಕ್ಸೆಲ್, ಬುಡಕ್ಕೆ ಒಂದು ಪಿಕ್ಸೆಲ್, ಎರಡೂ ಬಿಡಿಬಿಡಿಯಾಗಿ ಏರುಪೇರಾಗುತ್ತವೆ ಅಂದುಕೊಂಡರೆ ಒಟ್ಟು ಸುಮಾರು ಒಂದೂವರೆ ಪಿಕ್ಸೆಲ್. ಅದು ಅರ್ಧ ಸಾವಿರ ಕೆ.ಜಿ.ಗಿಂತ ಸ್ವಲ್ಪ ಕಡಿಮೆ. ಪ್ರಬಂಧದಲ್ಲಿ ದಶಮಾಂಶ ಬಿಟ್ಟು ಸಾವಿರಕ್ಕೆ ದುಂಡು ಮಾಡಿ, ಪ್ರತಿ ತಿಂಗಳಿಗೂ ±1 ಸಾವಿರ ಅಂತ ಬರೆಯಲು ಹೇಳಿದೆ. 205.0 ಅಂತ ಬರೆದರೆ ಓದುವವರು ಆ ಸೊನ್ನೆಯನ್ನೂ ನಂಬುತ್ತಾರೆ. ಆ ಸೊನ್ನೆ ನಮ್ಮ ಬಳಿ ಇಲ್ಲ.

ಈ ಅಂದಾಜನ್ನು ಇಟ್ಟುಕೊಂಡು ಏನು ಹೇಳಬಹುದು, ಏನು ಹೇಳಬಾರದು ಅನ್ನೋದು ತಾನಾಗಿಯೇ ಬೇರೆಯಾಗುತ್ತದೆ. ಆಗಸ್ಟ್‌ನ 256ರಿಂದ ಮಾರ್ಚ್‌ನ 206ಕ್ಕೆ ದಿನಕ್ಕೆ 50 ಸಾವಿರ ಕೆ.ಜಿ. ಇಳಿದಿದೆ, ಸುಮಾರು ಶೇಕಡಾ 20. ಇದನ್ನು ಧೈರ್ಯವಾಗಿ ಬರೆಯಬಹುದು. ಮಾರ್ಚ್‌ನಲ್ಲಿ ಏಪ್ರಿಲ್‌ಗಿಂತ ಜಾಸ್ತಿ ಹಾಲು ಬಂತು ಅಂತ ಬರೆಯಬಾರದು, ಮೂರು ಪಿಕ್ಸೆಲ್ ಮೇಲೆ ಕಟ್ಟಿದ ಮಾತು ಅದು. ಆಗಸ್ಟ್‌ನಿಂದ ಸೆಪ್ಟೆಂಬರ್‌ಗೆ ಸ್ವಲ್ಪ ಇಳಿಯಿತು ಅನ್ನಬಹುದು, ಶೇಕಡಾ 0.8 ಇಳಿಯಿತು ಅನ್ನಬಾರದು. ತಿಂಗಳಿಂದ ತಿಂಗಳಿಗೆ ಶೇಕಡಾವಾರು ಬೆಳವಣಿಗೆಯ ಕಾಲಂ ಮಾಡುವ ಆಸೆ ವಿದ್ಯಾರ್ಥಿನಿಗಿತ್ತು. ಅದನ್ನು ಕೈಬಿಟ್ಟೆವು. ಚಿಕ್ಕ ವ್ಯತ್ಯಾಸಗಳಲ್ಲಿ ಅಳತೆಯ ತಪ್ಪೇ ಅರ್ಧದಷ್ಟು ಜಾಗ ತಿನ್ನುತ್ತದೆ.

ಗಮನಿಸಬೇಕಾದ ಇನ್ನೊಂದು ಸಂಗತಿ, ಅವರ ಮೊದಲ ಓದಿನಲ್ಲೂ ಬೇಸಿಗೆಯ ಇಳಿತ 50 ಸಾವಿರವೇ ಇತ್ತು. ಎಲ್ಲ ಕಂಬಕ್ಕೂ ಒಂದೇ 7.8 ಕಡಿಮೆಯಾದ ಕಾರಣ ಕಳೆಯುವಾಗ ಅದು ಹೊರಟುಹೋಯಿತು. ಹಾಗಾಗಿ ಅವರ ಮೂಲ ಪ್ರಶ್ನೆಗೆ ಕೆ.ಜಿ. ಲೆಕ್ಕದಲ್ಲಿ ಉತ್ತರ ಮೊದಲೇ ಸರಿಯಿತ್ತು. ಒಟ್ಟು ಶೇಖರಣೆ ಮತ್ತು ಅದರ ಮೇಲೆ ನಿಂತ ಲೆಕ್ಕಗಳು ಮಾತ್ರ ಕೆಟ್ಟಿದ್ದವು. ಉದಾಹರಣೆಗೆ, ರೈತರಿಗೆ ಹೋದ ಹಣವನ್ನು ಲೀಟರ್ ದರದಿಂದ ಅಂದಾಜು ಮಾಡುವ ಒಂದು ಅಧ್ಯಾಯ ಇತ್ತು, ಅದು ಶೇಕಡಾ ಮೂರೂವರೆಯಷ್ಟು ಕಡಿಮೆ ಬಂದುಬಿಡುತ್ತಿತ್ತು. (ಕೆ.ಜಿ. ಮತ್ತು ಲೀಟರ್ ಒಂದೇ ಅಲ್ಲ, ಒಂದು ಲೀಟರ್ ಹಾಲು ಸುಮಾರು 1.03 ಕೆ.ಜಿ. ತೂಗುತ್ತದೆ. ಅಲ್ಲೂ ಶೇಕಡಾ ಮೂರರ ತಪ್ಪು ಕಾದು ಕೂತಿರುತ್ತದೆ. ಚಾರ್ಟಿನ ತಲೆಬರಹದಲ್ಲಿ ಯಾವುದಿದೆ ಅಂತ ಮೊದಲೇ ನೋಡಿಕೊಳ್ಳಿ.)

ಪ್ರಬಂಧದ ಅಡಿಟಿಪ್ಪಣಿಯಲ್ಲಿ ಅವರು ಕೊನೆಗೆ ಬರೆದದ್ದು ಇಷ್ಟು: "ತಿಂಗಳುವಾರು ಅಂಕಿಗಳನ್ನು ವಾರ್ಷಿಕ ವರದಿಯ 23ನೇ ಪುಟದ ಚಾರ್ಟಿನ ಚಿತ್ರದಿಂದ ಅಳೆದು ತೆಗೆಯಲಾಗಿದೆ, ಮೂಲ ಕೋಷ್ಟಕ ಲಭ್ಯವಿಲ್ಲ. ಎತ್ತರವನ್ನು ಕಂಬದ ಮುಂಭಾಗದ ಬುಡದಿಂದ ತುದಿಗೆ ಅಳೆಯಲಾಗಿದೆ. ಪ್ರತಿ ಅಂಕಿ ±1 ಸಾವಿರ ಕೆ.ಜಿ. ಹೀಗೆ ಪಡೆದ ವಾರ್ಷಿಕ ಒಟ್ಟು 845.7 ಲಕ್ಷ ಕೆ.ಜಿ., ವರದಿಯಲ್ಲಿ ಹೇಳಿರುವುದು 847 ಲಕ್ಷ ಕೆ.ಜಿ." ಕೋಷ್ಟಕದಲ್ಲಿ ಈ ಅಂಕಿಗಳನ್ನು ಓರೆ ಅಕ್ಷರದಲ್ಲಿ ಹಾಕಿ, ಬೇರೆ ವರ್ಷಗಳ ಅಸಲಿ ಅಂಕಿಗಳ ಜೊತೆ ಬೆರೆಯದ ಹಾಗೆ ನೋಡಿಕೊಂಡರು. ಕತ್ತರಿಸಿದ ಚಿತ್ರ, ತಿರುಗಿಸಿದ ಕೋನ, ಪ್ರತಿ ಕಂಬದ ಬುಡ ಮತ್ತು ತುದಿಯ ಸ್ಥಾನ ಇರುವ ಸ್ಪ್ರೆಡ್‌ಶೀಟು, ಮೂರನ್ನೂ ಅನುಬಂಧಕ್ಕೆ ಸೇರಿಸಿದ್ದಾರೆ. ಮುಂದೆ ಒಕ್ಕೂಟದಿಂದ ಅಸಲಿ ಕೋಷ್ಟಕ ಸಿಕ್ಕರೆ ಅಳೆದು ತೆಗೆದ ಈ ಒಂದು ಕಾಲಂ ತೆಗೆದು ಅಸಲಿ ಅಂಕಿಗಳನ್ನು ಹಾಕಿದರಾಯಿತು.